ಒಬ್ಬರದೇ ಐದಾರು ಫೋಟೋ ಇದ್ರೆ ಎಂಬೆಡಿಂಗ್ ಸರಾಸರಿ ಹೇಗೆ ತೆಗೀಬೇಕು, ಯಾವ ಫೋಟೋಗೆ ಎಷ್ಟು ತೂಕ ಕೊಡ್ಬೇಕು

ಫೋಟೋದಲ್ಲಿರೋ ಮುಖನ ಹೊಸ ಚಿತ್ರದಲ್ಲಿ ತರೋ ಐಪಿ ಅಡಾಪ್ಟರ್ ಫೇಸ್‌ಐಡಿ, ಇನ್‌ಸ್ಟಂಟ್‌ಐಡಿ ಈ ಥರದ ಟೂಲ್ ಬಳಸೋರು ಕೇಳೋ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. ಚಿಕ್ಕಪ್ಪನ ಷಷ್ಟಿಪೂರ್ತಿ ಆಮಂತ್ರಣಕ್ಕೆ ಒಂದು ಪೋರ್ಟ್ರೇಟ್ ಮಾಡ್ಬೇಕು, ಅವರೂ ಸರಿ ಅಂದಿದಾರೆ, ಕೈಲಿ ಐದಾರು ಫೋಟೋ ಇದೆ, ಈಗ ಚೆನ್ನಾಗಿರೋ ಒಂದನ್ನೇ ಕೊಡೋದಾ, ಎಲ್ಲಾ ಸೇರಿಸಿ ಸರಾಸರಿ ಮಾಡೋದಾ, ಮಾಡಿದ್ರೆ ಎಲ್ಲದಕ್ಕೂ ಸಮ ತೂಕನಾ ಅಥವಾ ಒಂದಕ್ಕೆ ಜಾಸ್ತಿ ಒಂದಕ್ಕೆ ಕಮ್ಮಿನಾ. ತುಂಬಾ ಜನ ಈ ತೂಕದ ಸ್ಲೈಡರ್ ಹಿಡ್ಕೊಂಡು ಗಂಟೆಗಟ್ಟಲೆ ಆಡ್ತಾರೆ, 0.7 ಇಡ್ಲಾ 0.8 ಇಡ್ಲಾ ಅಂತ. ನನ್ನ ಪ್ರಕಾರ ಅಲ್ಲಿ ಸಮಯ ಹಾಕೋದು ದಂಡ, ಯಾಕೆ ಅಂತ ಕೆಳಗೆ ಲೆಕ್ಕ ಹಾಕೇ ತೋರಿಸ್ತೀನಿ.

ಮೊದ್ಲು ಒಳಗೆ ಏನಾಗತ್ತೆ ಅಂತ ಸ್ವಲ್ಪ ನೋಡೋಣ, ಇದು ಗೊತ್ತಿಲ್ದೆ ಮುಂದಿಂದು ಅರ್ಥ ಆಗಲ್ಲ. ಈ ಟೂಲ್‌ಗಳು ಮುಖ ಓದೋಕೆ ಬಳಸೋ ಇನ್‌ಸೈಟ್‌ಫೇಸ್ ಅನ್ನೋ ಲೈಬ್ರರಿ ಮೊದ್ಲು ಫೋಟೋದಲ್ಲಿ ಮುಖ ಎಲ್ಲಿದೆ ಅಂತ ಹುಡುಕತ್ತೆ, ಎರಡು ಕಣ್ಣು, ಮೂಗಿನ ತುದಿ, ಬಾಯಿಯ ಎರಡು ಮೂಲೆ ಅಂತ ಐದು ಬಿಂದು ಗುರ್ತಿಸಿ ಮುಖನ ನೆಟ್ಟಗೆ ಮಾಡಿ 112×112 ಪಿಕ್ಸೆಲ್‌ಗೆ ಕತ್ತರಿಸತ್ತೆ, ಆಮೇಲೆ ಆರ್ಕ್‌ಫೇಸ್ ಮಾದರಿ ಅದನ್ನ 512 ಸಂಖ್ಯೆ ಮಾಡಿ ಕೊಡತ್ತೆ. ಆ 512 ಸಂಖ್ಯೆನೇ ಎಂಬೆಡಿಂಗ್. ಅದನ್ನ ಒಂದು ಬಾಣ ಅಂದ್ಕೊಳಿ: ಬಾಣ ಯಾವ ದಿಕ್ಕಿಗಿದೆ ಅನ್ನೋದು "ಇದು ಯಾರು" ಅಂತ ಹೇಳತ್ತೆ, ಎರಡು ಬಾಣ ಎಷ್ಟು ಒಂದೇ ಕಡೆಗಿವೆ ಅನ್ನೋದನ್ನ ಕೊಸೈನ್ ಹೇಳತ್ತೆ. ಒಬ್ಬರದೇ ಎರಡು ಒಳ್ಳೆ ಫೋಟೋ ಆದ್ರೆ ಕೊಸೈನ್ ಸಾಮಾನ್ಯವಾಗಿ 0.5, 0.6, 0.7 ಹೀಗೆ ಬರತ್ತೆ, ಸಂಬಂಧ ಇಲ್ಲದ ಇಬ್ಬರದ್ದಾದ್ರೆ ಸೊನ್ನೆ ಹತ್ರ. ಇನ್ನೊಂದು ವಿಷ್ಯ, ನಿಮ್ಮ ಫೋಟೋ 48 ಮೆಗಾಪಿಕ್ಸೆಲ್ ಇದ್ರೂ ಈ ಮಾದರಿ ನೋಡೋದು 112 ಪಿಕ್ಸೆಲ್ ಅಷ್ಟೇ, ಹಾಗಾಗಿ "ಈ ಫೋಟೋ ಹೈ ರೆಸಲ್ಯೂಶನ್, ಇದಕ್ಕೆ ತೂಕ ಜಾಸ್ತಿ" ಅನ್ನೋ ವಾದ ಇಲ್ಲಿ ನಡಿಯಲ್ಲ. ಮುಖ ಅದಕ್ಕಿಂತ ಚಿಕ್ಕದಾಗಿದ್ದು ಹಿಗ್ಗಿಸ್ಬೇಕಾದ್ರೆ ಮಾತ್ರ ತೊಂದ್ರೆ.

ಯಾವುದರ ಮೇಲೆ ಅಳೀಬೇಕು

ನಾನು ನಾಲ್ಕು ವಿಷ್ಯ ನೋಡ್ತೀನಿ. ಬರೋ ಚಿತ್ರ ಆ ವ್ಯಕ್ತಿಯನ್ನ ಹೋಲತ್ತಾ, ಅಂದ್ರೆ ಒಂದು ನಿರ್ದಿಷ್ಟ ಫೋಟೋನ ಹೋಲೋದಲ್ಲ, ಆ ಮನುಷ್ಯನ್ನ. ಒಂದು ಕೆಟ್ಟ ಫೋಟೋ ನುಸುಳಿದ್ರೆ ಎಷ್ಟು ಹಾಳಾಗತ್ತೆ. ನಿಮಗೆ ಕೆಲಸ ಎಷ್ಟು, ಗ್ರಾಫಿಕ್ಸ್ ಕಾರ್ಡ್ ಮೇಲೆ ಭಾರ ಎಷ್ಟು. ಕೊನೇದಾಗಿ, ತಪ್ಪಾಗಿದ್ರೆ ಅದು ತಪ್ಪು ಅಂತ ಗೊತ್ತಾಗತ್ತಾ. ಈ ಕೊನೇದನ್ನ ಯಾರೂ ಲೆಕ್ಕಕ್ಕೆ ತಗೊಳಲ್ಲ, ನನಗೆ ಅದೇ ಮುಖ್ಯ.

ಖರ್ಚಿನ ವಿಚಾರ ಇಲ್ಲೇ ಮುಗಿಸಿಬಿಡ್ತೀನಿ. ಎಂಬೆಡಿಂಗ್ ತೆಗೆಯೋದಕ್ಕೆ ಗ್ರಾಫಿಕ್ಸ್ ಕಾರ್ಡೇ ಬೇಡ, ಮಾಮೂಲಿ ಲ್ಯಾಪ್‌ಟಾಪ್ ಸಾಕು, ಸರಾಸರಿ ತೆಗೆಯೋದಂತೂ ಲೆಕ್ಕಕ್ಕೇ ಇಲ್ಲ. ಐದು ಫೋಟೋ ಸರಾಸರಿ ಮಾಡಿದ್ರೂ ಚಿತ್ರ ಮಾಡೋ ಮಾದರಿಗೆ ಹೋಗೋದು ಒಂದೇ ಬಾಣ, ಹಾಗಾಗಿ ಭಾರ ಒಂದು ಫೋಟೋದಷ್ಟೇ. ಕೆಳಗೆ ಬರೋ `concat` ಒಂದಕ್ಕೆ ಮಾತ್ರ ಇದು ಅನ್ವಯ ಆಗಲ್ಲ.

ಉದಾಹರಣೆಗೆ ಐದು ಫೋಟೋ

ಚಿಕ್ಕಪ್ಪನ ಫೋಟೋ ಹೀಗಿದೆ ಅಂತ ಇಟ್ಕೊಳಿ. ಒಂದನೇದು ಸ್ಟುಡಿಯೋ ಫೋಟೋ, ನೇರವಾಗಿ ನೋಡ್ತಿದಾರೆ, ಬೆಳಕು ಚೆನ್ನಾಗಿದೆ. ಎರಡು ಮತ್ತು ಮೂರು ಮುಳ್ಳಯ್ಯನಗಿರಿ ಮೇಲೆ ಒಂದರ ಹಿಂದೆ ಒಂದು ತೆಗೆದ ಸೆಲ್ಫಿ, ಫೋನ್ ಹತ್ರ ಇರೋದ್ರಿಂದ ಮೂಗು ಸ್ವಲ್ಪ ದಪ್ಪ ಕಾಣತ್ತೆ. ನಾಲ್ಕನೇದು ರಿಸೆಪ್ಷನ್‌ದು, ಮುಖ ಅರ್ಧ ಪಕ್ಕಕ್ಕೆ ತಿರುಗಿದೆ. ಐದನೇದು ಬ್ಯಾಂಕ್ ಪಾಸ್‌ಬುಕ್ಕಿಂದ ಸ್ಕ್ಯಾನ್ ಮಾಡಿದ ಹಳೇ ಫೋಟೋ, ಮೇಲೆ ಸೀಲು ಬೇರೆ. ಒಂದಕ್ಕೊಂದು ಕೊಸೈನ್ ಹೀಗೆ ಬಂತು ಅನ್ಕೊಳೋಣ:

```
      1    2    3    4    5
1  1.00 0.66 0.64 0.58 0.38
2  0.66 1.00 0.90 0.52 0.34
3  0.64 0.90 1.00 0.50 0.32
4  0.58 0.52 0.50 1.00 0.36
5  0.38 0.34 0.32 0.36 1.00
```

ಈ ಪಟ್ಟಿ ತೆಗೀದೇ ಯಾವ ಆಯ್ಕೆಗೂ ಕೈ ಹಾಕ್ಬೇಡಿ, ಇದು ಎರಡು ಸಾಲು ಕೋಡ್ ಅಷ್ಟೇ. ನೋಡಿದ ತಕ್ಷಣ ಎರಡು ವಿಷ್ಯ ಕಾಣತ್ತೆ, ಐದನೇ ಸಾಲು ಯಾರ ಜೊತೆಗೂ ಸೇರ್ತಿಲ್ಲ, ಎರಡು ಮತ್ತು ಮೂರು ತಮ್ಮಲ್ಲೇ 0.90, ಅಂದ್ರೆ ಅವೆರಡೂ ಸೇರಿದ್ರೂ ಒಂದೇ ಫೋಟೋದಷ್ಟು ಮಾಹಿತಿ.

ಆಯ್ಕೆ ಒಂದು: ಚೆನ್ನಾಗಿರೋ ಒಂದೇ ಫೋಟೋ

ಇದನ್ನ ಕೀಳಾಗಿ ನೋಡೋದು ಬೇಡ. ನೇರ ಮುಖ, ಒಳ್ಳೆ ಬೆಳಕು, ಕನ್ನಡಕದ ಗ್ಲೇರ್ ಇಲ್ಲ ಅಂದ್ರೆ ಒಂದೇ ಫೋಟೋ ತುಂಬಾ ದೂರ ಕರ್ಕೊಂಡು ಹೋಗತ್ತೆ. ಸಮಸ್ಯೆ ಏನಂದ್ರೆ ಆ ಫೋಟೋದ ಬೆಳಕು, ಕೋನ, ಲೆನ್ಸಿನ ವಕ್ರತೆ ಇವೆಲ್ಲಾ ಸ್ವಲ್ಪ ಸ್ವಲ್ಪ ಬಾಣದ ದಿಕ್ಕಲ್ಲಿ ಸೇರ್ಕೊಂಡಿರತ್ತೆ, ಮಾದರಿಗೆ ಅದು ಮುಖದ ಗುಣನಾ ಫೋಟೋದ ಗುಣನಾ ಅಂತ ಬೇರೆ ಮಾಡೋಕೆ ಬೇರೆ ಫೋಟೋನೇ ಇಲ್ಲ. ಸೆಲ್ಫಿ ಒಂದನ್ನೇ ಕೊಟ್ರೆ ಬರೋ ಪೋರ್ಟ್ರೇಟ್‌ಗಳಲ್ಲೆಲ್ಲಾ ಮೂಗು ದಪ್ಪ ಬಂದ್ರೆ ಆಶ್ಚರ್ಯ ಪಡೋದೇನಿಲ್ಲ. ಸರಿಯಾದ ಸ್ಟುಡಿಯೋ ಫೋಟೋ ಒಂದಿದ್ದು ಉಳಿದದ್ದೆಲ್ಲಾ ಮಸುಕು, ಗುಂಪು ಫೋಟೋ ಅಂದ್ರೆ ಮಾತ್ರ ನಾನು ಇದನ್ನ ಆರಿಸ್ಕೊತೀನಿ.

ಆಯ್ಕೆ ಎರಡು: ಎಲ್ಲಾ ಸಮ ತೂಕ

ಪ್ರತೀ ಬಾಣದ ಉದ್ದನ 1 ಮಾಡಿ ಕೂಡಿಸಿ ಭಾಗಿಸೋದು. ಒಳ್ಳೇದು ಏನಂದ್ರೆ ಫೋಟೋದಿಂದ ಫೋಟೋಗೆ ಬದಲಾಗೋ ಬೆಳಕು, ಕೋನದ ಗಲಾಟೆ ಒಂದಕ್ಕೊಂದು ವಜಾ ಆಗತ್ತೆ, ಎಲ್ಲದರಲ್ಲೂ ಇರೋ ಮುಖ ಉಳ್ಕೊಳತ್ತೆ. ಆದ್ರೆ ಗಲಾಟೆ ಬೇರೆ ಬೇರೆ ದಿಕ್ಕಲ್ಲಿದ್ರೆ ಮಾತ್ರ ಅದು ವಜಾ ಆಗೋದು. ನಮ್ಮ ಐದು ಫೋಟೋದಲ್ಲಿ ಸರಾಸರಿ ತೆಗೆದು ಪ್ರತೀ ಫೋಟೋ ಅದಕ್ಕೆ ಎಷ್ಟು ಹತ್ರ ಅಂತ ನೋಡಿದ್ರೆ ಸೆಲ್ಫಿಗಳು 0.87 ಮತ್ತು 0.86, ಸ್ಟುಡಿಯೋ 0.83, ರಿಸೆಪ್ಷನ್ 0.75, ಪಾಸ್‌ಬುಕ್ 0.61. ಎಲ್ಲರಿಗೂ ಸಮ ಅಂತ ಕೊಟ್ವಿ, ಗೆದ್ದಿದ್ದು ಮಾತ್ರ ಸೆಲ್ಫಿ! ಒಂದೇ ಮನೆಯವ್ರು ಇಬ್ರು ಓಟು ಹಾಕಿದ ಹಾಗೆ ಆಯ್ತು. ಗ್ಯಾಲರಿಯಿಂದ ಒಂದೇ ದಿನದ ಹತ್ತು ಸೆಲ್ಫಿ, ಬೇರೆ ದಿನದ ಎರಡು ಫೋಟೋ ಹಾಕಿ "ಹನ್ನೆರಡು ಫೋಟೋ ಕೊಟ್ಟಿದೀನಿ ಆದ್ರೂ ಹೋಲ್ತಿಲ್ಲ" ಅನ್ನೋರ ಕಥೆ ಇದೇ, ಅವರು ನಿಜವಾಗ್ಲೂ ಕೊಟ್ಟಿರೋದು ಮೂರು ಫೋಟೋ.

ಬೇರೆ ಬೇರೆ ಸಂದರ್ಭದ, ಎಲ್ಲಾ ಹೆಚ್ಚುಕಮ್ಮಿ ಒಂದೇ ಮಟ್ಟದ ನಾಲ್ಕೈದು ಫೋಟೋ ಇದ್ರೆ ಸಮ ತೂಕಕ್ಕಿಂತ ಮುಂದೆ ಹೋಗೋ ಅಗತ್ಯನೇ ಇಲ್ಲ.

ಆಯ್ಕೆ ಮೂರು: ಗುಣಮಟ್ಟ ನೋಡಿ ತೂಕ

ಮಸುಕಾಗಿರೋದಕ್ಕೆ ಕಮ್ಮಿ, ಸ್ಪಷ್ಟ ಇರೋದಕ್ಕೆ ಜಾಸ್ತಿ. ಕೇಳೋಕೆ ಸರಿಯಾಗಿದೆ, ಪ್ರಶ್ನೆ ಏನಂದ್ರೆ ಗುಣಮಟ್ಟ ಅಳೆಯೋದು ಯಾವುದರಿಂದ. ತುಂಬಾ ಜನ `det_score` ತಗೊತಾರೆ, ಅದು ಹೇಳೋದು "ಇಲ್ಲೊಂದು ಮುಖ ಇದೆ" ಅನ್ನೋ ಖಾತ್ರಿ ಅಷ್ಟೇ, ಗುರುತು ಹಿಡಿಯೋಕೆ ಆ ಮುಖ ಎಷ್ಟು ಯೋಗ್ಯ ಅಂತಲ್ಲ. ಸೀಲು ಬಿದ್ದಿರೋ ಪಾಸ್‌ಬುಕ್ ಫೋಟೋಗೂ ಅದು ಒಳ್ಳೇ ಅಂಕ ಕೊಟ್ಟುಬಿಡಬಹುದು.

ಇನ್ನೊಂದು ದಾರಿ ಬಾಣದ ಮೂಲ ಉದ್ದ. 2021ರ ಮ್ಯಾಗ್‌ಫೇಸ್ ಮಾದರಿಯನ್ನ ಬಾಣದ ಉದ್ದನೇ ಗುಣಮಟ್ಟ ಹೇಳೋ ಹಾಗೆ ತರಬೇತಿ ಮಾಡಿದಾರೆ, 2022ರ ಅಡಾಫೇಸ್ ಕೂಡ ತರಬೇತಿಯಲ್ಲಿ ಉದ್ದನ ಗುಣಮಟ್ಟದ ಸೂಚಕ ಅಂತ ಬಳಸತ್ತೆ. ಮಾಮೂಲಿ ಆರ್ಕ್‌ಫೇಸ್‌ನಲ್ಲಿ ಆ ಥರ ತರಬೇತಿ ಇಲ್ಲ, ಆದ್ರೂ ತುಂಬಾ ಮಸುಕು ಇದ್ರೆ ಉದ್ದ ಕಮ್ಮಿ ಆಗೋದು ಕಾಣತ್ತೆ. ಅದನ್ನ ಅನುಮಾನ ಪಡೋಕೆ ಬಳಸಿ, ತೂಕದ ಸೂತ್ರ ಮಾಡ್ಕೋಬೇಡಿ.

ನನ್ನ ಅಭಿಪ್ರಾಯ ಕೇಳಿದ್ರೆ ಐದಾರು ಫೋಟೋಗೆ ನಿಮ್ಮ ಕಣ್ಣೇ ಸಾಕು. ನೇರವಾಗಿದ್ದು ಸ್ಪಷ್ಟ ಇದ್ರೆ 1, ಅರ್ಧ ತಿರುಗಿದ್ರೆ 0.7, ಅನುಮಾನ ಇದ್ರೆ 0. ಈ ಸ್ವಯಂಚಾಲಿತ ಅಂಕಗಳೆಲ್ಲಾ ನೂರಾರು ಫೋಟೋ ಇರೋರಿಗೆ, ವೀಡಿಯೋದಿಂದ ಫ್ರೇಮ್ ತೆಗೆಯೋರಿಗೆ.

ಆಯ್ಕೆ ನಾಲ್ಕು: ಒಮ್ಮತ ನೋಡಿ ತೂಕ

ಅಂದ್ರೆ ಬೇರೆ ಫೋಟೋಗಳ ಜೊತೆ ಯಾವುದು ಹೊಂದತ್ತೋ ಅದಕ್ಕೆ ಜಾಸ್ತಿ. ಇಲ್ಲಿ ಒಂದು ಹಳ್ಳ ಇದೆ. ಸರಾಸರಿಯೊಳಗೆ ಆ ಫೋಟೋನೂ ಇರತ್ತಲ್ಲಾ, ತನ್ನ ಜೊತೆ ತಾನೇ ಹೊಂದಿ ಅಂಕ ಏರಿಸ್ಕೊಳತ್ತೆ. ಒಬ್ಬರಿಗೊಬ್ಬರು ಏನೂ ಸಂಬಂಧ ಇಲ್ಲದ ಐದು ಜನರ ಸರಾಸರಿ ತೆಗೆದ್ರೂ ಪ್ರತಿಯೊಬ್ಬರೂ ಅದಕ್ಕೆ ಸುಮಾರು 0.45 ಹತ್ರ ಇರ್ತಾರೆ, ಯಾಕಂದ್ರೆ ಅದು 1/√5. ಹಾಗಾಗಿ ಪಾಸ್‌ಬುಕ್ ಫೋಟೋದ 0.61 ನೋಡಿ "ಪರವಾಗಿಲ್ಲ" ಅನ್ಬೇಡಿ. ಆ ಫೋಟೋನ ಹೊರಗಿಟ್ಟು ಉಳಿದ ನಾಲ್ಕರ ಸರಾಸರಿ ಜೊತೆ ಹೋಲಿಸಿ, ಆಗ ನಿಜ ಬಣ್ಣ ಬಯಲಾಗತ್ತೆ: ಸ್ಟುಡಿಯೋ 0.72, ಸೆಲ್ಫಿಗಳು 0.78 ಮತ್ತು 0.76, ರಿಸೆಪ್ಷನ್ 0.61, ಪಾಸ್‌ಬುಕ್ 0.41.

ಕೆಟ್ಟದ್ದನ್ನ ಹುಡುಕೋಕೆ ಇದು ಭೇಷ್, ಆದ್ರೆ ಇದನ್ನೇ ತೂಕ ಮಾಡ್ಕೊಂಡ್ರೆ ಸೆಲ್ಫಿ ಇನ್ನೂ ಮೇಲೆ ಹೋಗತ್ತೆ, ರಿಸೆಪ್ಷನ್ ಕೆಳಗೆ ಬೀಳತ್ತೆ. ರಿಸೆಪ್ಷನ್ ಫೋಟೋ ಬೇರೆ ಥರ ಇರೋದಕ್ಕೆ ಕಾರಣ ಅದು ಕೆಟ್ಟದು ಅಂತಲ್ಲ, ಬೇರೆ ಕೋನ ಅಂತ, ನಮಗೆ ಬೇಕಿರೋ ವೈವಿಧ್ಯ ಅದೇ. ಒಮ್ಮತದ ಲೆಕ್ಕ ವೈವಿಧ್ಯಕ್ಕೇ ದಂಡ ಹಾಕಿಬಿಡತ್ತೆ. ಹಾಗಾಗಿ ಇದು ಜರಡಿ ಮಾತ್ರ, ತಕ್ಕಡಿ ಅಲ್ಲ.

ಮುಖ ಬದಲಿಸೋ ಟೂಲ್ ರಿಯಾಕ್ಟರ್‌ನಲ್ಲಿ ಫೇಸ್ ಮಾಡೆಲ್ ಮಾಡುವಾಗ `Mean`, `Median`, `Mode` ಅಂತ ಮೂರು ಕಾಣತ್ತಲ್ಲಾ, ಅದರ ಬಗ್ಗೆ ಒಂದು ಮಾತು. ಮಧ್ಯಾಂಕ ಒಂದೊಂದು ಸಂಖ್ಯೆಯನ್ನ ಬೇರೆ ಬೇರೆಯಾಗಿ ನೋಡತ್ತೆ, ಒಂದು ಫೋಟೋ ಪೂರ್ತಿ ಹಳ್ಳ ಹಿಡಿದಿದ್ರೆ ಸ್ವಲ್ಪ ಕಾಪಾಡತ್ತೆ, ಆದ್ರೆ ಒಂದು ಸೆಲ್ಫಿ ಗುಂಪಿನ ಹಾವಳಿಯಿಂದ ಕಾಪಾಡಲ್ಲ. `Mode` ಅಂದ್ರೆ ಅತಿ ಹೆಚ್ಚು ಸಲ ಬಂದ ಸಂಖ್ಯೆ, ದಶಮಾಂಶದ ಸಂಖ್ಯೆಗಳಲ್ಲಿ ಯಾವುದೂ ಎರಡು ಸಲ ಬರಲ್ಲ, ಅದನ್ನ ಮುಟ್ಟೋಕೆ ಹೋಗ್ಬೇಡಿ.

ನಾನು ಮಾಡೋದು: ಜರಡಿ, ಗುಂಪು, ಆಮೇಲೆ ತೂಕ

ಮೊದ್ಲು ಐದನೇದನ್ನ ಕಿತ್ತು ಹಾಕೋದು. ಆಮೇಲೆ 0.85ಕ್ಕಿಂತ ಜಾಸ್ತಿ ಹೊಂದೋ ಫೋಟೋಗಳನ್ನ ಒಂದು ಗುಂಪು ಮಾಡಿ ಗುಂಪಿಗೇ ಒಂದು ತೂಕ ಕೊಡೋದು, ಅಂದ್ರೆ ಸೆಲ್ಫಿಗಳಿಗೆ ತಲಾ ಅರ್ಧ. ಸ್ಟುಡಿಯೋಗೆ 1, ರಿಸೆಪ್ಷನ್‌ಗೆ 0.7.

```python
E = np.stack([f.normed_embedding for f in faces])
print((E @ E.T).round(2))
w = np.array([1, 0.5, 0.5, 0.7, 0])
m = w @ E
m /= np.linalg.norm(m)
print((E @ m).round(2))
```

ಈಗ ಹತ್ತಿರ ನೋಡಿದ್ರೆ ಸ್ಟುಡಿಯೋ 0.90, ಸೆಲ್ಫಿಗಳು 0.86 ಮತ್ತು 0.85, ರಿಸೆಪ್ಷನ್ 0.78, ಪಾಸ್‌ಬುಕ್ 0.42. ಯಾವುದು ಮೇಲಿರ್ಬೇಕೋ ಅದು ಮೇಲಿದೆ.

ಈಗ ಸ್ಲೈಡರ್ ವಿಷ್ಯಕ್ಕೆ ಬರ್ತೀನಿ. ಎಲ್ಲಾ ಐದಕ್ಕೂ ಸಮ ತೂಕ ಕೊಟ್ಟ ಬಾಣಕ್ಕೂ ಈ ಬಾಣಕ್ಕೂ ಕೊಸೈನ್ 0.969. ಪಾಸ್‌ಬುಕ್ ಒಂದನ್ನ ತೆಗೆದು ಉಳಿದ ನಾಲ್ಕಕ್ಕೆ ಸಮ ಕೊಟ್ಟಿದ್ರೆ 0.993. ರಿಸೆಪ್ಷನ್‌ಗೆ 0.7 ಬದ್ಲು 1 ಕೊಟ್ಟಿದ್ರೆ 0.997, ಚಿತ್ರದಲ್ಲಿ ಅದು ಕಾಣೋದು ಕಷ್ಟ, ಚಿತ್ರ ಶುರುವಾಗೋ ಯಾದೃಚ್ಛಿಕ ಸಂಖ್ಯೆ, ಅಂದ್ರೆ ಸೀಡ್, ಬದಲಾದ್ರೇ ಅದಕ್ಕಿಂತ ಜಾಸ್ತಿ ವ್ಯತ್ಯಾಸ ಬರತ್ತೆ. ಅಂದ್ರೆ ಯಾವ ಫೋಟೋ ಒಳಗಿದೆ ಯಾವುದು ಹೊರಗಿದೆ ಅನ್ನೋದೇ ಹೆಚ್ಚಿನ ಕೆಲಸ ಮಾಡಿಬಿಡತ್ತೆ, ಗುಂಪು ಮಾಡೋದು ಇನ್ನೊಂದಿಷ್ಟು, ಆಮೇಲಿಂದು ಚಿಲ್ಲರೆ. ನಮ್ಮಲ್ಲಿ ಸೆಲ್ಫಿ ಎರಡೇ ಇತ್ತು, ಹತ್ತಿದ್ದಿದ್ರೆ ಗುಂಪಿನ ಹೆಜ್ಜೆಯ ಪ್ರಭಾವ ಇನ್ನೂ ಜಾಸ್ತಿ ಇರ್ತಿತ್ತು.

ಉದ್ದದ ತಕರಾರು

ಇದು ಗೊತ್ತಿಲ್ದೆ ತುಂಬಾ ಜನ ಒದ್ದಾಡ್ತಾರೆ. ಬೇರೆ ಬೇರೆ ದಿಕ್ಕಿನ ಬಾಣಗಳನ್ನ ಸರಾಸರಿ ಮಾಡಿದ್ರೆ ಬರೋ ಬಾಣ ಗಿಡ್ಡ ಆಗತ್ತೆ, ನಮ್ಮ ಐದರ ಸಮ ಸರಾಸರಿ ಉದ್ದ 1 ಅಲ್ಲ, 0.78. ಫೇಸ್‌ಐಡಿ ಎದುರು ನೋಡೋದು ಉದ್ದ 1 ಇರೋ ಬಾಣ, `normed_embedding`. ಹಾಗಾಗಿ ಸರಾಸರಿ ಆದ್ಮೇಲೆ ಮತ್ತೆ ಉದ್ದ 1 ಮಾಡ್ಬೇಕು, ಮೇಲಿನ ಕೋಡ್‌ನಲ್ಲಿ ಐದನೇ ಸಾಲು ಅದಕ್ಕೇ. ಮಾಡ್ದೇ ಹೋದ್ರೆ ಮಾದರಿ ತರಬೇತಿಯಲ್ಲಿ ಕಾಣದ ಉದ್ದ ಅದಕ್ಕೆ ಹೋಗತ್ತೆ, ಹೋಲಿಕೆ ಸಪ್ಪೆ ಆಗಬಹುದು, ಆಗ ನೀವು ಕಾರಣ ತಿಳೀದೇ ತೂಕ ಏರಿಸ್ತಾ ಕೂತ್ಕೋತೀರಿ.

ಇನ್‌ಸ್ಟಂಟ್‌ಐಡಿ ಕಥೆ ಬೇರೆ, ಅದು ತಗೊಳೋದು ಉದ್ದ ಸರಿಮಾಡದ ಮೂಲ `embedding`. ಅದಕ್ಕೆ ಉದ್ದ 1 ಇರೋ ಬಾಣ ಕೊಟ್ರೆ ತೀರಾ ಚಿಕ್ಕದಾಗತ್ತೆ. ದಿಕ್ಕನ್ನ ಮೇಲಿನ ಹಾಗೇ ಲೆಕ್ಕ ಹಾಕಿ, ಕೊನೆಗೆ ಮೂಲ ಉದ್ದಗಳ ಮಧ್ಯಾಂಕದಿಂದ ಗುಣಿಸಿ:

```python
m *= np.median([f.embedding_norm for f in faces])
```

ಮೂಲ ಬಾಣಗಳನ್ನೇ ನೇರ ಕೂಡಿಸಿದ್ರೆ ಏನು ಅಂತೀರಾ, ಆಗ ಉದ್ದ ಇರೋದಕ್ಕೆ ತಾನಾಗೇ ಜಾಸ್ತಿ ತೂಕ ಬಂದಿರತ್ತೆ, ನೀವು ಸಮ ಅಂತ ಅಂದ್ಕೊಂಡಿರ್ತೀರಿ ಅಷ್ಟೇ.

ಅಂದ ಹಾಗೆ ಇನ್‌ಸ್ಟಂಟ್‌ಐಡಿ ಬಳಸೋದು ಆಂಟಿಲೋಪ್‌ವಿ2 ಮಾದರಿ, ಫೇಸ್‌ಐಡಿ ಬಳಸೋದು ಬಫಲೋ_ಎಲ್. ಒಂದರ ಬಾಣ ಇನ್ನೊಂದಕ್ಕೆ ಆಗಲ್ಲ, ಎರಡೂ 512 ಸಂಖ್ಯೆನೇ ಆದ್ರಿಂದ ಕಂಪ್ಯೂಟರ್ ಎರರ್ ಕೊಡಲ್ಲ, ಸುಮ್ನೆ ಯಾರದೋ ಮುಖ ಬರತ್ತೆ.

ಆಯ್ಕೆ ಐದು: ಸರಾಸರಿನೇ ಬೇಡ, ಪಕ್ಕಪಕ್ಕ ಇಡೋದು

ಚಿತ್ರ ಮಾಡೋ ಟೂಲ್ ಕಂಫಿಯುಐನ ಐಪಿ ಅಡಾಪ್ಟರ್ ಪ್ಲಸ್‌ನಲ್ಲಿ `combine_embeds` ಅಂತ ಇದೆ, ಅದರಲ್ಲಿ `concat`, `add`, `subtract`, `average`, `norm average`. `concat` ಕೊಟ್ರೆ ಫೋಟೋಗಳು ಬೆರೆಯಲ್ಲ, ಒಂದೊಂದರ ಟೋಕನ್ನೂ, ಅಂದ್ರೆ ಮಾದರಿಗೆ ಹೋಗೋ ಮಾಹಿತಿಯ ತುಣುಕೂ, ಬೇರೆ ಬೇರೆ ಉಳಿದು ಚಿತ್ರ ಮಾಡುವಾಗ ಮಾದರಿ ಬೇಕಾದ್ದನ್ನ ಆರಿಸ್ಕೊಳತ್ತೆ. ಫೇಸ್‌ಐಡಿಯ ಪೋರ್ಟ್ರೇಟ್ ಮಾದರಿನ ಹಲವು ಫೋಟೋ ಕೊಡೋ ಹಾಗೇ ಮಾಡಿರೋದು, ಡಿಫಾಲ್ಟ್ ಐದು. ಫೇಸ್‌ಐಡಿ ಪ್ಲಸ್‌ನಲ್ಲಿ ಆರ್ಕ್‌ಫೇಸ್ ಜೊತೆ ಕ್ಲಿಪ್ ಅನ್ನೋ ಇನ್ನೊಂದು ಮಾದರಿ ತೆಗೆದ ಚಿತ್ರದ ಎಂಬೆಡಿಂಗ್ ಕೂಡ ಹೋಗತ್ತೆ, ಅದರಲ್ಲಿ ಕೂದಲು, ಕನ್ನಡಕ, ಗಡ್ಡ ಎಲ್ಲಾ ಇರತ್ತೆ, ಗಡ್ಡ ಇರೋ ಫೋಟೋ ಇಲ್ಲದ ಫೋಟೋ ಸರಾಸರಿ ಮಾಡಿದ್ರೆ ಅರ್ಧಂಬರ್ಧ ಕುರುಚಲು ಬರಬಹುದು, ಅಂಥ ಕಡೆ `concat` ವಾಸಿ. ಆದ್ರೆ ಟೋಕನ್ ಜಾಸ್ತಿ ಆದಷ್ಟು ಮೆಮೊರಿ, ಸಮಯ ಎರಡೂ ಏರತ್ತೆ, ಕಾರ್ಡ್ ಈಗಾಗ್ಲೇ ಏದುಸಿರು ಬಿಡ್ತಿದ್ರೆ ಇದು ಕೈಕೊಡತ್ತೆ. ಕೆಟ್ಟ ಫೋಟೋನೂ ಬೆರೆಯದೇ ಪೂರ್ತಿ ಉಳಿಯೋದ್ರಿಂದ ಜರಡಿ ಇಲ್ಲೂ ತಪ್ಪಲ್ಲ.

ಎಲ್ಲಿ ಕೆಡತ್ತೆ, ಹೇಗೆ ಗೊತ್ತಾಗತ್ತೆ

ಮದ್ವೆ ಫೋಟೋದಲ್ಲಿ ಪಕ್ಕದಲ್ಲಿ ಭಾವ ನಿಂತಿರ್ತಾರೆ, ಕೋಡ್ `faces[0]` ಅಂತ ತಗೊಂಡ್ರೆ ಬಂದಿದ್ದು ಭಾವನ ಮುಖ ಆಗಿರಬಹುದು. ಕೊಸೈನ್ ಪಟ್ಟಿಯಲ್ಲಿ ಒಂದು ಸಾಲು ಪೂರ್ತಿ ಸೊನ್ನೆ ಹತ್ರ ಇದ್ರೆ ಮೊದ್ಲು ಅನುಮಾನ ಪಡಬೇಕಾದ್ದು ಇದನ್ನೇ, ಮುಖ ಕತ್ತರಿಸಿಟ್ಟು ಮತ್ತೆ ಕೊಡಿ. ತೀರಾ ಅಂಟಿಸಿ ಕತ್ತರಿಸಿದ್ರೂ ಕಷ್ಟ, ಫ್ರೇಮ್ ತುಂಬಾ ಮುಖ ಇದ್ರೆ ಪತ್ತೆ ಮಾಡೋ ಮಾದರಿಗೆ ಮುಖನೇ ಸಿಗಲ್ಲ, ಸುತ್ತ ಜಾಗ ಬಿಡಿ ಅಥವಾ `det_size` 640ರಿಂದ 320ಕ್ಕೆ ಇಳಿಸಿ.

ಫಲಿತಾಂಶ ಅಳೆಯುವಾಗ ಸರಾಸರಿಗೆ ಹಾಕಿದ ಫೋಟೋ ಜೊತೆ ಹೋಲಿಸ್ಬೇಡಿ, ಅದು ಹೇಗಿದ್ರೂ ಒಳ್ಳೇ ಅಂಕ ಕೊಡತ್ತೆ. ಒಂದು ಒಳ್ಳೇ ಫೋಟೋನ ಮೊದಲೇ ಪಕ್ಕಕ್ಕಿಡಿ, ಅದೇ ನಾಲ್ಕೈದು ಸೀಡ್‌ನಲ್ಲಿ ಎರಡು ಆಯ್ಕೆನೂ ಓಡಿಸಿ, ಪಕ್ಕಕ್ಕಿಟ್ಟದ್ದಕ್ಕೆ ಯಾವುದು ಹತ್ರ ನೋಡಿ, ಸಾಧ್ಯ ಆದ್ರೆ ಬೇರೆ ಗುರುತು ಮಾದರಿಯಿಂದ ಅಳೀರಿ, ಬಫಲೋದಿಂದ ಮಾಡಿದ್ದನ್ನ ಬಫಲೋನೇ ಹೊಗಳೋದ್ರಲ್ಲಿ ಅರ್ಥ ಇಲ್ಲ. ಆಮೇಲೆ ಚಿಕ್ಕಮ್ಮನಿಗೆ ತೋರಿಸಿ, ಅವ್ರು "ಇವ್ರು ನಮ್ಮವ್ರಲ್ಲ" ಅಂದ್ರೆ ಅಂಕ ಎಷ್ಟಿದ್ರೂ ಅಷ್ಟೇ.

ದುಡ್ಡಿಗೆ ಕೆಲಸ ಮಾಡೋರು ಒಂದು ಗಮನಿಸಿ, ಇನ್‌ಸೈಟ್‌ಫೇಸ್ ಕೊಡೋ ತರಬೇತಾದ ಮಾದರಿಗಳು ವಾಣಿಜ್ಯೇತರ ಸಂಶೋಧನೆಗೆ ಮಾತ್ರ ಅಂತ ಅವರೇ ಬರೆದಿದಾರೆ.

ಹಾಗಾದ್ರೆ ಯಾರಿಗೆ ಯಾವುದು

ಒಂದೇ ಒಳ್ಳೇ ಫೋಟೋ ಇದ್ರೆ ಅದೊಂದೇ. ಬೇರೆ ಬೇರೆ ದಿನದ ನಾಲ್ಕೈದು ಒಳ್ಳೇವಿದ್ರೆ ಸಮ ತೂಕ, ಉದ್ದ ಸರಿಮಾಡಿ ಮುಗಿಸಿ. ನಮ್ಮ ಉದಾಹರಣೆ ಥರ ಕಲಬೆರಕೆ ಇದ್ರೆ, ಹೆಚ್ಚಿನೋರ ಹತ್ರ ಇರೋದು ಅದೇ, ಜರಡಿ ಹಿಡಿದು ಗುಂಪು ಮಾಡಿ. ಗಡ್ಡ ಕನ್ನಡಕ ಬದಲಾಗ್ತಾ ಇದ್ದು ಕಾರ್ಡ್‌ನಲ್ಲಿ ಜಾಗ ಇದ್ರೆ `concat`. ಹಳೇ ಫೋಟೋ ಹೊಸ ಫೋಟೋ ಎರಡೂ ಇದ್ರೆ ಯಾವ ವಯಸ್ಸಿನ ಮುಖ ಬೇಕು ಅಂತ ಮೊದ್ಲು ತೀರ್ಮಾನ ಮಾಡಿ, ಎರಡನ್ನೂ ಬೆರೆಸಿ ಮಧ್ಯದ ವಯಸ್ಸು ಸಿಗಲಿ ಅಂತ ಆಸೆ ಪಡ್ಬೇಡಿ.

ಇರೋದೇ ಎರಡು ಫೋಟೋ, ಅವು ತಮ್ಮಲ್ಲಿ 0.35 ಅಂದ್ರೆ ಈ ಯಾವ ಲೆಕ್ಕವೂ ಸಹಾಯಕ್ಕೆ ಬರಲ್ಲ. ಸಮ ಸರಾಸರಿ ತೆಗೆದ್ರೆ ಎರಡೂ ಅದಕ್ಕೆ 0.82 ಹತ್ರ ಅಂತ ತೋರಿಸತ್ತೆ, ನೋಡೋಕೆ ಚೆನ್ನಾಗಿದೆ, ಆದ್ರೆ ಎರಡೇ ಇದ್ದಾಗ ಅದು ಯಾವಾಗ್ಲೂ ಸಮನಾಗೇ ಬರೋದು, ಯಾವುದು ಸರಿ ಅಂತ ಅದಕ್ಕೆ ಗೊತ್ತಿರಲ್ಲ. ಅಲ್ಲಿ ಮೂರನೇ ಫೋಟೋ ಒಂದನ್ನ ಯಾರ ಹತ್ರಾನಾದ್ರೂ ಕೇಳಿ ತಗೊಳಿ, ಸಿಗ್ಲಿಲ್ಲ ಅಂದ್ರೆ ಮನೆಯವ್ರಿಗೆ ಎರಡನ್ನೂ ತೋರಿಸಿ ಅವ್ರು ಕೈ ಮಾಡಿದ್ದನ್ನ ಒಂದೇ ಬಳಸಿ.